ಸುಣ್ಣದ ಕಲ್ಲಿನ ಲೆಕ್ಕದಲ್ಲಿ ಸಾವಿರ ಪಟ್ಟು ತಪ್ಪು

ಕಲಬುರಗಿ, ಬಾಗಲಕೋಟೆ ಕಡೆಯ ನೆಲದಲ್ಲಿ ಸುಣ್ಣದ ಕಲ್ಲು ಧಾರಾಳವಾಗಿದೆ. ಅಲ್ಲಿನ ಸಿಮೆಂಟ್ ಕಾರ್ಖಾನೆಗಳು ಬದುಕಿರುವುದೇ ಅದರಿಂದ. ಶಹಾಬಾದ್ ಕಲ್ಲು ಎಂದು ನಾವು ಮನೆಗೆ ಹಾಸುವುದೂ ಸುಣ್ಣದ ಕಲ್ಲೇ. ಈ ಕಲ್ಲನ್ನು ಭಟ್ಟಿಯಲ್ಲಿ ಚೆನ್ನಾಗಿ ಕಾಯಿಸಿದರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದು ಒಂದೇ ಸಾಲು:

CaCO₃ → CaO + CO₂

ಈ ಕ್ರಿಯೆ ಎಷ್ಟು ತಾಪಮಾನದಲ್ಲಿ ತಾನಾಗಿ ನಡೆಯತೊಡಗುತ್ತದೆ ಎಂಬುದು ಪಿಯುಸಿಯಿಂದ ಎಂಜಿನಿಯರಿಂಗ್‌ವರೆಗೆ ಎಲ್ಲ ಹಂತದಲ್ಲೂ ಕೇಳುವ ಪ್ರಶ್ನೆ. ಲೆಕ್ಕ ಕಷ್ಟದ್ದಲ್ಲ. ಗಿಬ್ಸ್ ಮುಕ್ತಶಕ್ತಿಯ ಸೂತ್ರ ΔG = ΔH − TΔS. ΔG ಸೊನ್ನೆಯಾಗುವ ತಾಪಮಾನವೇ ನಮಗೆ ಬೇಕಾದದ್ದು, ಅಂದರೆ ΔH ಅನ್ನು ΔS ನಿಂದ ಭಾಗಿಸಿದರೆ ಸಾಕು. ಕೋಷ್ಟಕ ತೆರೆದರೆ ΔH 178.3 ಎಂದೂ ΔS 160.5 ಎಂದೂ ಸಿಗುತ್ತದೆ. ಭಾಗಿಸಿದರೆ 1.11 ಕೆಲ್ವಿನ್ ಬರುತ್ತದೆ. ಅಂದರೆ ಸೊನ್ನೆಗಿಂತ 272 ಡಿಗ್ರಿ ಸೆಲ್ಸಿಯಸ್ ಕೆಳಗೆ. ಭಟ್ಟಿಯೇ ಬೇಡ, ಕಲ್ಲು ಗಣಿಯಲ್ಲಿದ್ದಾಗಲೇ ಸುಣ್ಣವಾಗಿರಬೇಕಿತ್ತು!

ಸೂತ್ರ ಸರಿಯಾಗಿದೆ, ಅಂಕಿಗಳೂ ಸರಿಯಾಗಿವೆ, ಭಾಗಾಕಾರದಲ್ಲೂ ತಪ್ಪಿಲ್ಲ. ತಪ್ಪಿರುವುದು ಅಂಕಿಗಳ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ ಏಕಮಾನದಲ್ಲಿ. 178.3 ಇರುವುದು ಪ್ರತಿ ಮೋಲ್‌ಗೆ ಕಿಲೋಜೂಲ್‌ಗಳಲ್ಲಿ. 160.5 ಇರುವುದು ಪ್ರತಿ ಮೋಲ್‌ಗೆ, ಪ್ರತಿ ಕೆಲ್ವಿನ್‌ಗೆ ಜೂಲ್‌ಗಳಲ್ಲಿ. ಒಂದನ್ನು ಇನ್ನೊಂದರ ಏಕಮಾನಕ್ಕೆ ತಂದು, 178300 ಅನ್ನು 160.5 ರಿಂದ ಭಾಗಿಸಿದರೆ ಸುಮಾರು 1111 ಕೆಲ್ವಿನ್, ಅಂದರೆ 838 ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ. ಇದು ಭಟ್ಟಿಯಲ್ಲಿ ಇರಬಹುದಾದ ತಾಪಮಾನ.

ಒಂದೇ ಕೋಷ್ಟಕದಲ್ಲಿ ಎರಡು ಏಕಮಾನ ಏಕೆ? ವಿದ್ಯಾರ್ಥಿಗಳನ್ನು ಬೀಳಿಸಲು ಯಾರೋ ಹೂಡಿದ ತಂತ್ರವಲ್ಲ ಅದು. ರಾಸಾಯನಿಕ ಬಂಧಗಳು ಮುರಿದು ಕೂಡುವಾಗ ಒಂದು ಮೋಲ್‌ಗೆ ಹತ್ತಾರು, ನೂರಾರು ಕಿಲೋಜೂಲ್ ಶಕ್ತಿ ಕೈಬದಲಾಗುತ್ತದೆ. ಎಂಟ್ರೋಪಿ ಎಂದರೆ ಉಷ್ಣವನ್ನು ತಾಪಮಾನದಿಂದ ಭಾಗಿಸಿ ಬಂದ ಪರಿಮಾಣ, ಮತ್ತು ನಮ್ಮ ಸುತ್ತಿನ ತಾಪಮಾನ ಕೆಲ್ವಿನ್‌ನಲ್ಲಿ ನೂರಾರು. ನೀರು 100 ಡಿಗ್ರಿಯಲ್ಲಿ ಆವಿಯಾಗಲು ಮೋಲ್‌ಗೆ 40.7 ಕಿಲೋಜೂಲ್ ಬೇಕು. ಅದನ್ನು 373 ರಿಂದ ಭಾಗಿಸಿದರೆ 0.109 ಕಿಲೋಜೂಲ್. ಬರೆಯಲು ಅನುಕೂಲವಾಗಲೆಂದು ಅದನ್ನೇ 109 ಜೂಲ್ ಎನ್ನುತ್ತಾರೆ. ಹೀಗೆ ಎರಡೂ ಅಂಕಿಗಳು ನೂರರ ಆಸುಪಾಸಿಗೆ ಬಂದು ನಿಲ್ಲುತ್ತವೆ, ನೋಡಲು ಒಂದೇ ಜಾತಿಯವೆನಿಸುತ್ತವೆ. ಕಣ್ಣು ಮೋಸಹೋಗುವುದು ಇಲ್ಲೇ.

ಈ ತಪ್ಪಿನ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. 1.11 ಕೆಲ್ವಿನ್ ಎಂಬ ಉತ್ತರ ತಾನೇ ಕೂಗಿ ಹೇಳುತ್ತದೆ. ಸ್ವಲ್ಪ ಯೋಚಿಸುವ ಯಾರಾದರೂ ತಿರುಗಿ ನೋಡುತ್ತಾರೆ. ನಿಜವಾಗಿ ಅಪಾಯಕಾರಿಯಾದದ್ದು ಸರಿಯೆಂಬಂತೆ ಕಾಣುವ ತಪ್ಪು ಉತ್ತರ. ಅದೂ ಇದೇ ಕಲ್ಲಿನ ಲೆಕ್ಕದಲ್ಲಿ, ಮುಂದಿನ ಹೆಜ್ಜೆಯಲ್ಲೇ ಕಾದಿದೆ.

ಕೋಣೆಯ ತಾಪಮಾನದಲ್ಲಿ, ಅಂದರೆ 298 ಕೆಲ್ವಿನ್‌ನಲ್ಲಿ, ಈ ಕ್ರಿಯೆಯ ΔG ಎಷ್ಟು? 178.3 ರಿಂದ 298 × 0.1605 ಕಳೆಯಬೇಕು. ಉತ್ತರ ಸುಮಾರು 130.4 ಕಿಲೋಜೂಲ್. ಧನ ಚಿಹ್ನೆ, ಆದ್ದರಿಂದ ಕ್ರಿಯೆ ತಾನಾಗಿ ನಡೆಯದು. ಇಲ್ಲಿಯವರೆಗೆ ಸರಿ. ಮುಂದಿನ ಪ್ರಶ್ನೆ, ಸಮತೋಲನ ಸ್ಥಿರಾಂಕ K ಎಷ್ಟು? ಅದರ ಸೂತ್ರ:

ln K = −ΔG° / RT

ಅನಿಲ ಸ್ಥಿರಾಂಕ R ಅನ್ನು ಎಲ್ಲರೂ 8.314 ಎಂದು ಬಾಯಿಪಾಠ ಮಾಡಿರುತ್ತಾರೆ. ಅದನ್ನು 298 ರಿಂದ ಗುಣಿಸಿದರೆ 2478. ಈಗ 130.4 ಅನ್ನು 2478 ರಿಂದ ಭಾಗಿಸಿದರೆ 0.0526. ಋಣ ಚಿಹ್ನೆ ಹಾಕಿ ಘಾತ ತೆಗೆದರೆ K ಗೆ 0.95 ಬರುತ್ತದೆ.

ಈ ಉತ್ತರವನ್ನು ಪರೀಕ್ಷಿಸಿ ನೋಡಿ. ΔG ಧನವಾಗಿದ್ದರೆ K ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ನಿಯಮ. 0.95 ಒಂದಕ್ಕಿಂತ ಕಡಿಮೆಯೇ. ಚಿಹ್ನೆಯ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ. ಅಂಕಿಯೂ ಸಭ್ಯವಾಗಿದೆ, ಉದ್ದನೆಯ ಘಾತಗಳಿಲ್ಲ. ಉತ್ತರಪತ್ರಿಕೆಯಲ್ಲಿ ಅಡಿಗೆರೆ ಹಾಕಿ ಮುಂದೆ ಹೋಗಲು ಅಡ್ಡಿಯೇ ಇಲ್ಲ ಎನಿಸುತ್ತದೆ. ಆದರೆ 130.4 ಇರುವುದು ಕಿಲೋಜೂಲ್‌ನಲ್ಲಿ, 2478 ಇರುವುದು ಜೂಲ್‌ನಲ್ಲಿ. ಸರಿಯಾಗಿ 130400 ಅನ್ನು 2478 ರಿಂದ ಭಾಗಿಸಿದರೆ 52.6 ಬರುತ್ತದೆ. ಆಗ K ಸುಮಾರು 1.4 × 10⁻²³. ದಶಮಾಂಶ ಬಿಂದುವಾದ ಮೇಲೆ 22 ಸೊನ್ನೆಗಳು ಬಂದು, ಆಮೇಲೆ 14.

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ಗಮನಿಸಬೇಕು. ಕಿಲೋಜೂಲ್ ಮತ್ತು ಜೂಲ್ ನಡುವಿನ ಅಂತರ ಸಾವಿರ ಪಟ್ಟು. ಆದರೆ ಆ ಸಾವಿರ ಘಾತದೊಳಗೆ ಹೊಕ್ಕಾಗ ಉತ್ತರ ಸಾವಿರ ಪಟ್ಟು ತಪ್ಪುವುದಿಲ್ಲ, ಇಲ್ಲಿ 10 ರ 22 ನೆಯ ಘಾತಕ್ಕೂ ಹೆಚ್ಚು ಪಟ್ಟು ತಪ್ಪುತ್ತದೆ. ಜೊತೆಗೆ, ಶಕ್ತಿಯನ್ನು ಸಾವಿರ ಪಟ್ಟು ಕಡಿಮೆ ಹಾಕಿದಾಗ ಘಾತ ಸೊನ್ನೆಯ ಹತ್ತಿರ ಕುಗ್ಗಿ, K ಯಾವಾಗಲೂ ಒಂದರ ಹತ್ತಿರ ಬಂದು ಕೂರುತ್ತದೆ. ಯಾವ ಕ್ರಿಯೆಯನ್ನು ಕೊಟ್ಟರೂ 0.9, 1.02, 1.1 ಇಂಥ ಉತ್ತರಗಳು. ಲೆಕ್ಕದ ಮೇಲೆ ಲೆಕ್ಕ ಮಾಡಿದರೂ K ಒಂದನ್ನು ಬಿಟ್ಟು ಕದಲದಿದ್ದರೆ, ಕ್ರಿಯೆಗಳ ಸ್ವಭಾವ ಹಾಗಿದೆ ಎಂದುಕೊಳ್ಳದೆ ಏಕಮಾನವನ್ನು ಅನುಮಾನಿಸಿ.

K ಯ ಅರ್ಥವನ್ನು ಕೇಳಿಕೊಂಡರೂ ತಪ್ಪು ಬಯಲಾಗುತ್ತದೆ. ಈ ಕ್ರಿಯೆಯಲ್ಲಿ ಕಲ್ಲು, ಸುಣ್ಣ ಎರಡೂ ಘನವಸ್ತುಗಳು, ಹಾಗಾಗಿ K ಎಂದರೆ ಬಾರ್‌ಗಳಲ್ಲಿ ಅಳೆದ ಕಾರ್ಬನ್ ಡೈಆಕ್ಸೈಡ್‌ನ ಒತ್ತಡವೇ. K 0.95 ಎಂದರೆ ಸುತ್ತಲಿನ ಆ ಅನಿಲದ ಒತ್ತಡ 0.95 ಬಾರ್ ಮುಟ್ಟುವವರೆಗೆ ಕಲ್ಲು ಒಡೆಯುತ್ತಲೇ ಇರಬೇಕು. ನಮ್ಮ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಬಾರ್‌ನ ಹತ್ತುಸಾವಿರದ ನಾಲ್ಕು ಭಾಗದಷ್ಟು ಮಾತ್ರ. ಅಂದಮೇಲೆ ಮನೆಗೆ ಹಾಸಿದ ಶಹಾಬಾದ್ ಕಲ್ಲು ಕಾಲಡಿಯಲ್ಲೇ ಸುಣ್ಣದ ಪುಡಿಯಾಗುತ್ತಾ ಹೋಗಬೇಕಿತ್ತು. ಹಾಗಾಗಿಲ್ಲ, ಆದ್ದರಿಂದ 0.95 ತಪ್ಪು. ಉತ್ತರವನ್ನು ಹೀಗೆ ನೆಲಕ್ಕಿಳಿಸಿ ನೋಡುವ ಅಭ್ಯಾಸವನ್ನು ನಮ್ಮ ತರಗತಿಗಳಲ್ಲಿ ಸಾಕಷ್ಟು ಕಲಿಸುತ್ತಿಲ್ಲ ಎಂಬುದು ನನಗೆ ನಿಜವಾದ ಬೇಸರದ ಸಂಗತಿ.

ಕೈಯಲ್ಲಿ ಕ್ಯಾಲ್ಕುಲೇಟರ್ ಇಲ್ಲದೆಯೂ ಪರೀಕ್ಷಿಸಬಹುದಾದ ಒಂದು ಅಳತೆ ಇದೆ. ಕೋಣೆಯ ತಾಪಮಾನದಲ್ಲಿ RT ಎಂದರೆ ಮೋಲ್‌ಗೆ ಸುಮಾರು 2.5 ಕಿಲೋಜೂಲ್. K ಹತ್ತು ಪಟ್ಟು ಬದಲಾಗಲು ಬೇಕಾದ ΔG ಸುಮಾರು 5.7 ಕಿಲೋಜೂಲ್. ಈ 5.7 ನೆನಪಿದ್ದರೆ ಸಾಕು. 130 ರಲ್ಲಿ 5.7 ಎಷ್ಟು ಸಲ ಹೋಗುತ್ತದೆ? ಸುಮಾರು 23 ಸಲ. ಹಾಗಾದರೆ K ಹತ್ತರ ಮೈನಸ್ 23 ನೆಯ ಘಾತದ ಹತ್ತಿರ ಇರಬೇಕು. ಬಾಯಿಲೆಕ್ಕದಲ್ಲಿ ಮುಗಿಯುವ ಈ ಪರೀಕ್ಷೆ ಕಿಲೋಜೂಲ್ ತಪ್ಪನ್ನು ತಪ್ಪದೆ ಹಿಡಿಯುತ್ತದೆ.

ಇನ್ನು ಮೋಲ್‌ನ ವಿಷಯ. ಕೋಷ್ಟಕದ 178.3 ಕಿಲೋಜೂಲ್ ಒಂದು ಮೋಲ್ ಕಲ್ಲಿಗೆ ಸೇರಿದ್ದು. ಒಂದು ಮೋಲ್ ಸುಣ್ಣದ ಕಲ್ಲು ಎಂದರೆ ಸುಮಾರು 100 ಗ್ರಾಂ. ಭಟ್ಟಿ ನಡೆಸುವವನಿಗೆ ಮೋಲ್ ಬೇಕಿಲ್ಲ, ಟನ್ ಬೇಕು. ಒಂದು ಕಿಲೋ ಕಲ್ಲಿನಲ್ಲಿ ಹತ್ತು ಮೋಲ್, ಆದ್ದರಿಂದ 1783 ಕಿಲೋಜೂಲ್. ಒಂದು ಟನ್‌ಗೆ 1783 ಮೆಗಾಜೂಲ್. ಕಿಲೋ ಕಲ್ಲಿದ್ದಲು 20 ಮೆಗಾಜೂಲ್ ಕೊಡುತ್ತದೆಂದು ಹಿಡಿದರೆ ಕಲ್ಲನ್ನು ಒಡೆಯಲಿಕ್ಕೇ ಟನ್‌ಗೆ ಸುಮಾರು 90 ಕಿಲೋ ಕಲ್ಲಿದ್ದಲು ಬೇಕು. ಕಲ್ಲನ್ನು ಅಷ್ಟು ಬಿಸಿ ಮಾಡಲು, ಹೊಗೆಯಲ್ಲಿ ಹೋಗುವ ಶಾಖಕ್ಕೆ ಬೇಕಾದದ್ದು ಬೇರೆ. ಇಲ್ಲಿ ಜೂಲ್-ಕಿಲೋಜೂಲ್ ಎಡವಟ್ಟಾದರೆ 90 ಗ್ರಾಂ ಅಥವಾ 90 ಟನ್ ಎಂದು ಬರುತ್ತದೆ, ಯಾರೂ ನಂಬುವುದಿಲ್ಲ.

ಆದರೆ ನಂಬಿಬಿಡುವಂಥ ತಪ್ಪು ಇಲ್ಲೂ ಇದೆ. ಈ 1783 ಕಿಲೋಜೂಲ್ ಯಾವುದರ ಕಿಲೋಗೆ? ಒಳಗೆ ಹಾಕುವ ಕಲ್ಲಿನ ಕಿಲೋಗೆ. ಹೊರಗೆ ಬರುವ ಸುಣ್ಣದ ಕಿಲೋಗೆ ಅಲ್ಲ. 100 ಗ್ರಾಂ ಕಲ್ಲಿನಿಂದ 44 ಗ್ರಾಂ ಅನಿಲವಾಗಿ ಹೋಗಿ, ಉಳಿಯುವ ಸುಣ್ಣ 56 ಗ್ರಾಂ. ಆದ್ದರಿಂದ ಒಂದು ಕಿಲೋ ಸುಣ್ಣಕ್ಕೆ ಬೇಕಾದದ್ದು ಸುಮಾರು 3180 ಕಿಲೋಜೂಲ್. ಎರಡೂ ಅಂಕಿಗಳು ಸರಿ, ಎರಡರ ಏಕಮಾನವೂ ಕಾಗದದ ಮೇಲೆ ಒಂದೇ, ಆದರೂ ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡು ಪಟ್ಟು. "ಪ್ರತಿ ಕಿಲೋಗೆ" ಎಂದಷ್ಟೇ ಬರೆದರೆ ಅರ್ಧ ಮಾತು. "ಪ್ರತಿ ಕಿಲೋ ಸುಣ್ಣಕ್ಕೆ" ಎಂದು ಬರೆದಾಗಲೇ ಮಾತು ಪೂರ್ಣವಾಗುವುದು.

"ಪ್ರತಿ ಮೋಲ್‌ಗೆ" ಎನ್ನುವುದರಲ್ಲೂ ಇದೇ ಗೊಂದಲ. ಅಮೋನಿಯಾ ತಯಾರಿಕೆಯ ಸಮೀಕರಣವನ್ನು ಎಲ್ಲರೂ N₂ + 3H₂ → 2NH₃ ಎಂದು ಬರೆಯುತ್ತಾರೆ, ಅದಕ್ಕೆ ΔH −92.2 ಕಿಲೋಜೂಲ್. ಅಮೋನಿಯಾದ ರಚನೆಯ ಎಂಥಾಲ್ಪಿ ಕೇಳಿದರೆ ಉತ್ತರ −46.1, ಏಕೆಂದರೆ ಮೇಲಿನ ಸಾಲಿನಲ್ಲಿ ತಯಾರಾದದ್ದು ಎರಡು ಮೋಲ್. ಕೋಷ್ಟಕದಲ್ಲಿ ಬರೆದ "ಪ್ರತಿ ಮೋಲ್" ಒಂದು ವಸ್ತುವಿನ ಮೋಲ್. ಕ್ರಿಯೆಯ ಪಕ್ಕದಲ್ಲಿ ಬರೆದ "ಪ್ರತಿ ಮೋಲ್" ಆ ಸಮೀಕರಣವು ಬರೆದ ಹಾಗೆ ಒಂದು ಸಲ ನಡೆದಾಗಿನದು. ಸಮೀಕರಣವನ್ನು ಎರಡರಿಂದ ಗುಣಿಸಿದರೆ ΔH, ΔG ಎರಡು ಪಟ್ಟಾಗುತ್ತವೆ, K ಮಾತ್ರ ವರ್ಗವಾಗುತ್ತದೆ. ನಮ್ಮ ಸುಣ್ಣದ ಕಲ್ಲಿನ ಕ್ರಿಯೆಯನ್ನೇ 2CaCO₃ ಎಂದು ಆರಂಭಿಸಿ ಬರೆದರೆ K ಎಂದರೆ ಒತ್ತಡವಲ್ಲ, ಒತ್ತಡದ ವರ್ಗ. ಅದನ್ನು ಮರೆತು K ಯನ್ನೇ ಒತ್ತಡವೆಂದು ಓದಿದರೆ 10⁻²³ ಇರಬೇಕಾದಲ್ಲಿ 10⁻⁴⁶ ಬಂದು ಕೂರುತ್ತದೆ. ವಾಸ್ತವದಲ್ಲಿ ಕಲ್ಲಿಗೆ ನಾವು ಸಮೀಕರಣವನ್ನು ಹೇಗೆ ಬರೆದೆವೆಂಬುದು ಗೊತ್ತಿಲ್ಲ, ಒತ್ತಡ ಬದಲಾಗುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಎಡವಟ್ಟು: ಹತ್ತು ಮೋಲ್ ಕಲ್ಲಿದೆ ಎಂದು ΔG ಯನ್ನು ಹತ್ತರಿಂದ ಗುಣಿಸಿ, ಆ 1304 ಕಿಲೋಜೂಲನ್ನು ln K ಸೂತ್ರಕ್ಕೆ ಹಾಕುವುದು. ಇಂಧನದ ಲೆಕ್ಕಕ್ಕೆ ಒಟ್ಟು ಶಕ್ತಿ ಬೇಕು, ನಿಜ. ಆದರೆ ln K ಸೂತ್ರದ ಕೆಳಗೆ ಕೂತಿರುವ R ನಲ್ಲೇ "ಪ್ರತಿ ಮೋಲ್" ಅಡಗಿದೆ. ಮೇಲೆಯೂ ಪ್ರತಿ ಮೋಲ್ ಇದ್ದರೆ ಮಾತ್ರ ಎರಡೂ ಹೊಡೆದುಹೋಗಿ ಬರಿಯ ಸಂಖ್ಯೆ ಉಳಿಯುತ್ತದೆ. ಏಕಮಾನ ಉಳಿದುಕೊಂಡ ರಾಶಿಯ ಘಾತ ತೆಗೆಯಲು ಬರುವುದೇ ಇಲ್ಲ. ಭಟ್ಟಿಯಲ್ಲಿ ಒಂದು ಕಿಲೋ ಕಲ್ಲಿರಲಿ ಒಂದು ಟನ್ ಇರಲಿ, K ಒಂದೇ.

R ನ ಆಯ್ಕೆಗೆ ಬರೋಣ. ಪುಸ್ತಕದ ಹಿಂಬದಿಯಲ್ಲಿ R ಗೆ ನಾಲ್ಕೈದು ಬೆಲೆಗಳಿರುತ್ತವೆ: 8.314, 0.0821, 0.08314, 1.987. ಹೊಸಬರಿಗೆ ಇವು ನಾಲ್ಕು ಬೇರೆ ಸ್ಥಿರಾಂಕಗಳೆನಿಸುತ್ತವೆ. ಸ್ಥಿರಾಂಕ ಒಂದೇ. ಶಕ್ತಿಯನ್ನು ಜೂಲ್‌ನಲ್ಲಿ ಅಳೆದರೆ 8.314, ಕ್ಯಾಲೊರಿಯಲ್ಲಿ ಅಳೆದರೆ 1.987, ಲೀಟರ್ ಮತ್ತು ಅಟ್ಮಾಸ್ಫಿಯರ್ ಗುಣಿಸಿ ಅಳೆದರೆ 0.0821, ಅಟ್ಮಾಸ್ಫಿಯರ್ ಬದಲು ಬಾರ್ ಇಟ್ಟರೆ 0.08314. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಬರುವುದೂ ಶಕ್ತಿಯೇ ಎಂಬುದು ಇಲ್ಲಿನ ಗುಟ್ಟು. ಒಂದು ಲೀಟರ್-ಅಟ್ಮಾಸ್ಫಿಯರ್ ಎಂದರೆ 101.325 ಜೂಲ್.

ಒಂದು ಕಿಲೋ ಕಲ್ಲಿನಿಂದ ಹೊರಡುವ ಹತ್ತು ಮೋಲ್ ಕಾರ್ಬನ್ ಡೈಆಕ್ಸೈಡ್ 900 ಡಿಗ್ರಿಯಲ್ಲಿ, ಒಂದು ಬಾರ್ ಒತ್ತಡದಲ್ಲಿ ಎಷ್ಟು ಜಾಗ ಹಿಡಿಯುತ್ತದೆ? PV = nRT. ತಾಪಮಾನ 1173 ಕೆಲ್ವಿನ್. R ಗೆ 8.314 ಹಾಕಿದರೆ ಒತ್ತಡವನ್ನು ಪ್ಯಾಸ್ಕಲ್‌ನಲ್ಲೇ, ಅಂದರೆ 100000 ಎಂದೇ ಬರೆಯಬೇಕು. ಆಗ ಗಾತ್ರ ಘನಮೀಟರ್‌ನಲ್ಲಿ ಬರುತ್ತದೆ, 0.975. R ಗೆ 0.08314 ಹಾಕಿ ಒತ್ತಡಕ್ಕೆ 1 ಬಾರ್ ಬರೆದರೆ 975 ಲೀಟರ್. ಎರಡೂ ಒಂದೇ. 8.314 ಜೊತೆ 1 ಬಾರ್ ಸೇರಿಸಿ ಲೀಟರ್ ಎಂದು ಬರೆದವರಿಗೆ 97500 ಲೀಟರ್ ಬರುತ್ತದೆ. ಉತ್ತರ ನೂರು ಪಟ್ಟು ಹೆಚ್ಚೋ ಕಡಿಮೆಯೋ ಬಂದಿದ್ದರೆ ಈ ಮಿಶ್ರಣವನ್ನೇ ಮೊದಲು ಹುಡುಕಿ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವವರಿಗೆ ಇನ್ನೊಂದು R ಎದುರಾಗುತ್ತದೆ. ಅವರ ಪುಸ್ತಕಗಳಲ್ಲಿ ಮೋಲ್ ಬದಲು ಕಿಲೋಗ್ರಾಂ ಲೆಕ್ಕ, ಆದ್ದರಿಂದ R ಅನ್ನು ಆಯಾ ಅನಿಲದ ಮೋಲಾರ್ ದ್ರವ್ಯರಾಶಿಯಿಂದ ಭಾಗಿಸಿ ಇಟ್ಟಿರುತ್ತಾರೆ. ಗಾಳಿಗೆ ಅದು ಕಿಲೋಗೆ, ಕೆಲ್ವಿನ್‌ಗೆ 287 ಜೂಲ್. ಗಾಳಿಯ ಲೆಕ್ಕಗಳೇ ಹೆಚ್ಚಾಗಿರುವುದರಿಂದ 287 ನಾಲಗೆಗೆ ಅಂಟಿಬಿಡುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಅದರ ಬೆಲೆ 189. ನಮ್ಮ ಕಲ್ಲಿನಿಂದ ಬಂದ 440 ಗ್ರಾಂ ಅನಿಲಕ್ಕೆ 189 ಹಾಕಿದರೆ ಮತ್ತೆ ಅದೇ 0.975 ಘನಮೀಟರ್. ಅಭ್ಯಾಸಬಲದಿಂದ 287 ಹಾಕಿದರೆ 1.48. ಈ ಉತ್ತರವನ್ನು ನೋಡಿ ಯಾರಿಗೂ ಸಂಶಯ ಬರುವುದಿಲ್ಲ, ಏಕಮಾನದ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ. ಎಲ್ಲ ಏಕಮಾನಗಳೂ ಸರಿಯಾಗಿ ಹೊಡೆದುಹೋಗುತ್ತವೆ. ಆದರೆ ಆ ಅನಿಲ ಸಾಗಲು ಕೊಳವೆ, ಫ್ಯಾನ್ ಆರಿಸುವವನು ಅರ್ಧದಷ್ಟು ಹೆಚ್ಚು ದೊಡ್ಡದನ್ನು ಆರಿಸಿರುತ್ತಾನೆ. ಏಕಮಾನ ಹೊಂದಿಸಿದ ಮಾತ್ರಕ್ಕೆ ಲೆಕ್ಕ ಸರಿಯಾಗದು, ಅಂಕಿ ಯಾವ ವಸ್ತುವಿನದು ಎಂಬುದನ್ನೂ ನೋಡಬೇಕು.

ಸೆಲ್ಸಿಯಸ್ ವಿಷಯ ಬೇಗ ಮುಗಿಸಬಹುದು. ತಾಪಮಾನದ ವ್ಯತ್ಯಾಸ ಬೇಕಾದಲ್ಲಿ ಸೆಲ್ಸಿಯಸ್ ಆದರೂ ಕೆಲ್ವಿನ್ ಆದರೂ ಒಂದೇ. ತಾಪಮಾನವನ್ನೇ ಗುಣಿಸುವ, ಭಾಗಿಸುವ ಕಡೆಗಳಲ್ಲಿ, ಅಂದರೆ TΔS, RT, PV = nRT ಇವುಗಳಲ್ಲಿ, ಕೆಲ್ವಿನ್ ಬಿಟ್ಟು ಬೇರೆ ನಡೆಯದು.

ಈಗ ಮೊದಲಿನ 838 ಡಿಗ್ರಿಗೆ ಒಂದು ತಿದ್ದುಪಡಿ ಬೇಕು. ಪ್ರಯೋಗದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ಒಂದು ಅಟ್ಮಾಸ್ಫಿಯರ್ ಮುಟ್ಟುವುದು 900 ಡಿಗ್ರಿಯ ಸಮೀಪದಲ್ಲಿ. ನಮ್ಮ ಉತ್ತರ ಸುಮಾರು 60 ಡಿಗ್ರಿ ಕಡಿಮೆ. ಇದು ಏಕಮಾನದ ತಪ್ಪಲ್ಲ. 178.3 ಮತ್ತು 160.5 ಎರಡೂ 25 ಡಿಗ್ರಿಯಲ್ಲಿನ ಬೆಲೆಗಳು, ತಾಪಮಾನ ಏರಿದಂತೆ ಎರಡೂ ಸ್ವಲ್ಪ ಸ್ವಲ್ಪ ಇಳಿಯುತ್ತವೆ, ನಾವು ಅವು ಬದಲಾಗುವುದಿಲ್ಲವೆಂದು ಹಿಡಿದು ಲೆಕ್ಕ ಮಾಡಿದೆವು. ಅಂದಾಜಿನಿಂದ ಬರುವ ವ್ಯತ್ಯಾಸ ಹೀಗೆ ಶೇಕಡಾ ಐದು, ಹತ್ತರಷ್ಟು ಇರುತ್ತದೆ. ಏಕಮಾನದ ತಪ್ಪು ಸಾಮಾನ್ಯವಾಗಿ ಗುರುತಿರುವ ಗುಣಕದೊಂದಿಗೆ ಬರುತ್ತದೆ: ಸಾವಿರ ಬಂದರೆ ಕಿಲೋಜೂಲ್, 101 ಬಂದರೆ ಲೀಟರ್-ಅಟ್ಮಾಸ್ಫಿಯರ್, 4.18 ಬಂದರೆ ಕ್ಯಾಲೊರಿ, ಎರಡು ಬಂದರೆ ಸಮೀಕರಣದ ಮೋಲ್. ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ ನೋಡಿದರೆ ತಪ್ಪು ಎಲ್ಲಾಯಿತೆಂದು ಬಹುಪಾಲು ತಿಳಿದುಬಿಡುತ್ತದೆ. K ನಂಥ ಘಾತದ ಉತ್ತರವಾದರೆ ಭಾಗಿಸುವ ಮೊದಲು ಎರಡರ ಲಾಗರಿದಮ್ ತೆಗೆದುಕೊಳ್ಳಿ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಏಕಮಾನವನ್ನು ಕೊನೆಯ ಸಾಲಿಗೆ ಮಾತ್ರ ಸೇರಿಸಬೇಡಿ. ಮೊದಲ ಸಾಲಿನಿಂದಲೇ ಪ್ರತಿ ಅಂಕಿಯ ಜೊತೆ ಬರೆಯಿರಿ, ಹೊಡೆದುಹೋಗುವುದನ್ನು ಮಕ್ಕಳ ಕಣ್ಣೆದುರೇ ಹೊಡೆಯಿರಿ. 178.3 ಬರೆದು ಸುಮ್ಮನಾಗದೆ "178.3 ಕಿಲೋಜೂಲ್, ಒಂದು ಮೋಲ್ ಸುಣ್ಣದ ಕಲ್ಲಿಗೆ" ಎಂದು ಬರೆದ ವಿದ್ಯಾರ್ಥಿ, ಅದನ್ನು 160.5 ಜೂಲ್‌ನಿಂದ ಭಾಗಿಸುವ ಮೊದಲು ಖಂಡಿತ ಒಮ್ಮೆ ನಿಲ್ಲುತ್ತಾನೆ.